ಗೋಡೆ ಒಡೆಯುವ ಮೊದಲು ತೆಗೆದ ವಿಡಿಯೊಗೆ ಈಗಿನ ವಿಡಿಯೊದ ಕೋನ ಹೊಂದಿಸುವುದು ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ನವೀಕರಿಸಿ ಈಗಷ್ಟೇ ಮುಗಿಸಿದ್ದೇವೆ. ಕೆಲಸ ಆರಂಭಿಸುವ ಮುನ್ನ ನನ್ನ ತಮ್ಮ ನಡುಮನೆಯಲ್ಲಿ ನಿಂತು, ಎರಡು ಕಂಬಗಳ ನಡುವಿನ ಅಗಲವಾದ ತೆರಪಿನ ಮೂಲಕ ಅಡುಗೆಮನೆ ಕಾಣುವಂತೆ ಮೊಬೈಲನ್ನು ಕೈಯಲ್ಲೇ ಹಿಡಿದು ವಿಡಿಯೊ ಮಾಡಿದ್ದನು. ಈಗ ಅದೇ ಕೋನದಿಂದ ಹೊಸ ವಿಡಿಯೊ ತೆಗೆದು, ಪರದೆಯ ಒಂದು ಬದಿಯಿಂದ ಗೆರೆ ಸರಿದಂತೆ ಹಳೆಯದು ಹೋಗಿ ಹೊಸದು ಬರುವ ಹಾಗೆ ಜೋಡಿಸಬೇಕೆಂದಿದ್ದೇವೆ. ಬಲಗಡೆಯ ಉಗ್ರಾಣದ ಗೋಡೆ ಈಗ ಇಲ್ಲ. ಅಡುಗೆ ಕಟ್ಟೆ, ನೆಲ, ಮೇಲ್ಛಾವಣಿ ಎಲ್ಲವೂ ಬದಲಾಗಿವೆ. ನಡುಮನೆಯ ತೆರಪು ಮತ್ತು ಎದುರು ಗೋಡೆಯ ಕಿಟಕಿ ಮಾತ್ರ ಹಿಂದಿನಂತೆಯೇ ಇವೆ.

ಪರೀಕ್ಷೆಗಾಗಿ ಒಂದು ವಿಡಿಯೊ ತೆಗೆದು ಹಳೆಯದರ ಮೇಲೆ ಅರೆಪಾರದರ್ಶಕವಾಗಿ ಇಟ್ಟು ನೋಡಿದೆ. ತೆರಪಿನ ಎರಡೂ ಅಂಚುಗಳು ಕೂಡುವಂತೆ ಹಿಗ್ಗಿಸಿದರೆ ಒಳಗಿನ ಕಿಟಕಿ ಹಳೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಕಿಟಕಿಯನ್ನು ಹೊಂದಿಸಿದರೆ ಕಂಬಗಳು ಒಳಕ್ಕೆ ಸರಿಯುತ್ತವೆ. ಎರಡನ್ನೂ ಒಟ್ಟಿಗೆ ಕೂಡಿಸುವುದು ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ನಂದಿನಿ_ಹಾಸನ:
ಇದಕ್ಕೆ ಅಷ್ಟು ಕಷ್ಟಪಡಬೇಕಿಲ್ಲ. ಎಡಿಟಿಂಗ್ ಆ್ಯಪ್‌ಗಳಲ್ಲಿ ಎರಡು ವಿಡಿಯೊಗಳ ನಡುವೆ ಹಾಕಲು ಹತ್ತಾರು ಬಗೆಯ ಟ್ರಾನ್ಸಿಷನ್‌ಗಳು ಸಿಗುತ್ತವೆ, ಎರಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ಹಾಡಿನ ತಾಳಕ್ಕೆ ಬದಲಾಗುವಂತೆ ಮಾಡಿದರೆ ಚೆನ್ನಾಗಿ ಕಾಣುತ್ತದೆ. ನಮ್ಮ ಮನೆಯ ಗೃಹಪ್ರವೇಶದ ವಿಡಿಯೊವನ್ನು ನಾನು ಹಾಗೆಯೇ ಮಾಡಿದ್ದೆ.

ತುಂಗಾತೀರ:
ಧನ್ಯವಾದಗಳು ಮೇಡಂ. ನನ್ನ ತೊಂದರೆ ಟ್ರಾನ್ಸಿಷನ್‌ನದಲ್ಲ. ಗೆರೆ ಸರಿಯುವಾಗ ಹಳೆಯ ಕಂಬದ ಅರ್ಧಕ್ಕೆ ಹೊಸ ಕಂಬದ ಅರ್ಧ ನೇರವಾಗಿ ಕೂಡಿಕೊಳ್ಳಬೇಕು. ಅಲ್ಲಿ ಮುರಿದಂತೆ ಕಂಡರೆ ಅದು ಅದೇ ಜಾಗವೆಂದು ನೋಡುವವರಿಗೆ ಅನ್ನಿಸುವುದೇ ಇಲ್ಲ.

ಕತ್ತರಿ_ಪ್ರಯೋಗ:
ಹಳೆಯ ವಿಡಿಯೊ ತೆಗೆದ ಅದೇ ಮೊಬೈಲಿನಲ್ಲಿ, ಅದೇ ಜೂಮಿನಲ್ಲಿ ತೆಗೆಯಿರಿ, ತಾನಾಗಿಯೇ ಹೊಂದುತ್ತದೆ. ಲೆನ್ಸ್ ಬದಲಾದರೆ ದೃಶ್ಯದ ಆಳವೇ ಬದಲಾಗುತ್ತದೆ, ಅಗಲ ಲೆನ್ಸಿನಲ್ಲಿ ಹಿಂದಿನ ವಸ್ತುಗಳು ಚಿಕ್ಕದಾಗುತ್ತವೆ. ಅದೇ ಮೊಬೈಲ್ ಸಿಗದಿದ್ದರೂ ಚಿಂತೆಯಿಲ್ಲ. ಎಡಿಟಿಂಗ್‌ನಲ್ಲಿ ಚಿತ್ರದ ನಾಲ್ಕು ಮೂಲೆಗಳನ್ನು ಹಿಡಿದು ಎಳೆಯುವ ಸೌಲಭ್ಯವಿದೆ, ಅದರಿಂದ ಎಂತಹ ಕೋನವನ್ನಾದರೂ ಸರಿಪಡಿಸಬಹುದು.

ಚೌಕಟ್ಟು:
ಕತ್ತರಿಯವರ ಮಾತಿನಲ್ಲಿ ಅರ್ಧ ಮಾತ್ರ ಸರಿ. ಅದೇ ಮೊಬೈಲ್ ಬಳಸುವುದು ಒಳ್ಳೆಯದೇ, ಆದರೆ ಹತ್ತಿರದ ಮತ್ತು ದೂರದ ವಸ್ತುಗಳು ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದನ್ನು ನಿರ್ಧರಿಸುವುದು ಲೆನ್ಸ್ ಅಲ್ಲ, ಕ್ಯಾಮೆರಾ ನಿಂತಿರುವ ಜಾಗ. ಅಗಲ ಲೆನ್ಸಿನಲ್ಲಿ ಹಿಂದಿನದು ಚಿಕ್ಕದಾಗಿ ಕಾಣುವುದಕ್ಕೆ ಕಾರಣ, ಆ ಲೆನ್ಸ್ ಹಾಕಿದಾಗ ನಾವು ಮುಂದಿನ ವಸ್ತುವಿಗೆ ಹತ್ತಿರ ಹೋಗಿ ನಿಲ್ಲುವುದು. ಒಂದೇ ಜಾಗದಲ್ಲಿ ನಿಂತು ಎರಡು ಲೆನ್ಸುಗಳಿಂದ ತೆಗೆದು, ಅಗಲವಾದುದನ್ನು ಕತ್ತರಿಸಿ ಹಿಗ್ಗಿಸಿ ನೋಡಿ, ಅಂಚುಗಳ ಅಲ್ಪ ಬಾಗನ್ನು ಬಿಟ್ಟರೆ ಎರಡೂ ಒಂದೇ ಚಿತ್ರವಾಗಿರುತ್ತವೆ. ಮೂಲೆಗಳನ್ನು ಎಳೆಯುವುದರಿಂದಲೂ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಅದು ಒಂದು ಸಮತಲವನ್ನು ಮಾತ್ರ ಸರಿಪಡಿಸಬಲ್ಲದು. ತೆರಪಿನ ಸಮತಲ ಕೂಡಿದರೆ ಕಿಟಕಿಯ ಗೋಡೆ ಕೂಡುವುದಿಲ್ಲ. ಕ್ಯಾಮೆರಾ ಓರೆಯಾಗಿದ್ದರೆ, ಸ್ವಲ್ಪ ಮೇಲಕ್ಕೋ ಕೆಳಕ್ಕೋ ತಿರುಗಿದ್ದರೆ, ಜೂಮ್ ಹೆಚ್ಚುಕಡಿಮೆಯಾಗಿದ್ದರೆ ಎಲ್ಲವನ್ನೂ ಆಮೇಲೆ ತಿದ್ದಬಹುದು. ನಿಂತ ಜಾಗ ತಪ್ಪಿದ್ದರೆ ಅದನ್ನು ತಿದ್ದುವ ಉಪಾಯ ಎಡಿಟಿಂಗ್‌ನಲ್ಲಿ ಇಲ್ಲ.

ತುಂಗಾತೀರ ಅವರೇ, ನೀವು ಹೇಳಿದ ಲಕ್ಷಣದಿಂದಲೇ ಉತ್ತರ ಸಿಗುತ್ತದೆ. ತೆರಪು ಹೊಂದಿದಾಗ ಕಿಟಕಿ ದೊಡ್ಡದಾಗುತ್ತಿದೆ ಎಂದರೆ ನಿಮ್ಮ ತಮ್ಮ ನಿಂತಿದ್ದ ಜಾಗಕ್ಕಿಂತ ನೀವು ಹಿಂದೆ ನಿಂತಿದ್ದೀರಿ. ಎಷ್ಟು ಹಿಂದೆ ಎಂಬುದನ್ನು ಲೆಕ್ಕ ಹಾಕಬಹುದು. ತೆರಪಿನ ಅಗಲ, ಕಿಟಕಿಯ ಅಗಲ, ಇವೆರಡರ ನಡುವಿನ ದೂರ, ಈ ಮೂರನ್ನು ಟೇಪಿನಲ್ಲಿ ಅಳೆದು ಹೇಳಿ. ಜೊತೆಗೆ ಹಳೆಯ ವಿಡಿಯೊದಿಂದ ಅತ್ಯಂತ ಕಡಿಮೆ ಅಲುಗಾಡಿರುವ ಒಂದು ಫ್ರೇಮನ್ನು ಚಿತ್ರವಾಗಿ ಉಳಿಸಿಕೊಂಡು, ಅದರಲ್ಲಿ ಇವೆರಡೂ ಎಷ್ಟು ಪಿಕ್ಸೆಲ್ ಅಗಲವಿವೆಯೆಂದು ನೋಡಿ ತಿಳಿಸಿ. ದಯವಿಟ್ಟು ಆ ಫ್ರೇಮಿನಲ್ಲಿ ಕ್ಯಾಮೆರಾ ಗೋಡೆಗೆ ಹೆಚ್ಚುಕಡಿಮೆ ನೇರವಾಗಿ ಮುಖ ಮಾಡಿರಲಿ.

ಬೆವರಹನಿ:
ನನ್ನದೂ ಇದೇ ಸಮಸ್ಯೆ, ಆದರೆ ಮನೆಯಲ್ಲ, ದೇಹ. ತೂಕ ಇಳಿಸುವ ಮೊದಲಿನ ವಿಡಿಯೊ ಮತ್ತು ಈಗಿನ ವಿಡಿಯೊ ಜೋಡಿಸಿದರೆ, ಹೊಟ್ಟೆ ಇಳಿದಿರುವುದು ಕಾಣುತ್ತದೆ, ಆದರೆ ಭುಜಗಳು ಹಿಂದಿಗಿಂತ ಕಿರಿದಾದಂತೆ ಕಾಣುತ್ತವೆ. ನಾನು ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಟ್ರೈಪಾಡ್ ಅಲ್ಲೇ ಇಡುತ್ತೇನೆ. ಆದರೂ ಹೀಗೇಕೆ?

ಚೌಕಟ್ಟು:
ಬೆವರಹನಿಯವರೇ, ಟೇಪ್ ಟ್ರೈಪಾಡಿನ ಕಾಲುಗಳಿಗೆ ಮಾತ್ರ ಹಾಕಿದ್ದೀರೋ, ನಿಮ್ಮ ಪಾದಗಳಿಗೂ ಹಾಕಿದ್ದೀರೋ? ಕ್ಯಾಮೆರಾ ಹತ್ತಿರವಿದ್ದಷ್ಟೂ ನೀವು ನಿಂತ ಜಾಗದ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ನಾಲ್ಕು ಅಡಿ ದೂರದ ಕ್ಯಾಮೆರಾದತ್ತ ಅರ್ಧ ಅಡಿ ಮುಂದೆ ಬಂದರೆ ಸುಮಾರು ಶೇ. 14ರಷ್ಟು ದೊಡ್ಡದಾಗಿ ಕಾಣುತ್ತೀರಿ. ಒಂಬತ್ತು ಅಡಿ ದೂರದಿಂದಾದರೆ ಅದೇ ಅರ್ಧ ಅಡಿಗೆ ಶೇ. 6 ಮಾತ್ರ. ದೇಹದಲ್ಲಿ ಬದಲಾಗದ ಗುರುತು ಯಾವುದೂ ಇರುವುದಿಲ್ಲವಾದ್ದರಿಂದ ಹಿಂದಿನ ಬಾಗಿಲ ಚೌಕಟ್ಟನ್ನು ಗುರುತಾಗಿ ಇಟ್ಟುಕೊಂಡು, ಕ್ಯಾಮೆರಾವನ್ನು ಹೊಕ್ಕುಳ ಮಟ್ಟದಲ್ಲಿ ಒಂಬತ್ತು-ಹತ್ತು ಅಡಿ ದೂರಕ್ಕೆ ಇಡಿ. ಭುಜ ಕಿರಿದಾಗಿ ಕಾಣುವುದಕ್ಕೆ ಕ್ಯಾಮೆರಾದ ಎತ್ತರ ಬದಲಾಗಿರುವುದೂ ಕಾರಣವಿರಬಹುದು, ನಿಜವಾಗಿಯೂ ಕಿರಿದಾಗಿರಲೂಬಹುದು. ಚಿತ್ರಗಳನ್ನು ನೋಡದೆ ಅದನ್ನು ಹೇಳಲಾರೆ.

ತುಂಗಾತೀರ:
ಅಳತೆಗಳು ಸಿಕ್ಕಿವೆ. ತೆರಪು 7 ಅಡಿ, ಕಿಟಕಿ 4 ಅಡಿ, ತೆರಪಿನ ನಡುಮನೆಯ ಕಡೆಯ ಅಂಚಿನಿಂದ ಕಿಟಕಿಯ ಚೌಕಟ್ಟಿನವರೆಗೆ 12 ಅಡಿ. ಹಳೆಯ ವಿಡಿಯೊ 1920 ಪಿಕ್ಸೆಲ್ ಅಗಲದ್ದು. ಅದರಲ್ಲಿ ತೆರಪು 1750 ಪಿಕ್ಸೆಲ್, ಕಿಟಕಿ 333 ಪಿಕ್ಸೆಲ್ ಇವೆ. ನನ್ನ ಪರೀಕ್ಷಾ ವಿಡಿಯೊದಲ್ಲಿ ತೆರಪನ್ನು 1750ಕ್ಕೆ ಹಿಗ್ಗಿಸಿದಾಗ ಕಿಟಕಿ 368 ಆಗುತ್ತದೆ.

ಚೌಕಟ್ಟು:
ಬಹಳ ಒಳ್ಳೆಯ ಅಳತೆಗಳು. ತೆರಪಿನ ಸಮತಲದಲ್ಲಿ ಒಂದು ಅಡಿಗೆ 250 ಪಿಕ್ಸೆಲ್ (1750ನ್ನು 7ರಿಂದ ಭಾಗಿಸಿ), ಕಿಟಕಿಯ ಸಮತಲದಲ್ಲಿ ಒಂದು ಅಡಿಗೆ ಸುಮಾರು 83 ಪಿಕ್ಸೆಲ್. ಒಂದು ಇನ್ನೊಂದರ ಮೂರು ಪಟ್ಟು. ಅಂದರೆ ಕ್ಯಾಮೆರಾದಿಂದ ತೆರಪಿಗೆ ಎಷ್ಟು ದೂರವೋ ಅದರ ಮೂರು ಪಟ್ಟು ದೂರದಲ್ಲಿ ಕಿಟಕಿ ಇದೆ. ಆ ಎರಡು ದೂರಗಳ ವ್ಯತ್ಯಾಸ 12 ಅಡಿ ಎಂದು ನೀವೇ ಅಳೆದಿದ್ದೀರಿ. ಹಾಗಾಗಿ ತೆರಪು 6 ಅಡಿ ದೂರದಲ್ಲಿ, ಕಿಟಕಿ 18 ಅಡಿ ದೂರದಲ್ಲಿ ಇರಲೇಬೇಕು. ನಿಮ್ಮ ತಮ್ಮ ತೆರಪಿನಿಂದ 6 ಅಡಿ ಹಿಂದೆ ಮೊಬೈಲ್ ಹಿಡಿದಿದ್ದರು. ಪರೀಕ್ಷಾ ವಿಡಿಯೊಗೂ ಇದೇ ಲೆಕ್ಕ ಹಾಕಿದರೆ 7 ಅಡಿ ಬರುತ್ತದೆ, ಒಂದು ಅಡಿ ಹಿಂದೆ ನಿಂತಿದ್ದೀರಿ. ಇದರಲ್ಲಿ ಲೆನ್ಸಿನ ವಿವರ ಎಲ್ಲಿಯೂ ಬೇಕಾಗಲಿಲ್ಲ ಎಂಬುದನ್ನು ಕತ್ತರಿಯವರು ಗಮನಿಸಬೇಕು.

ಎತ್ತರವನ್ನೂ ಹೀಗೆಯೇ ತೆಗೆಯಬಹುದು. ತೆರಪಿನ ಲಿಂಟಲ್ ಮತ್ತು ಕಿಟಕಿಯ ಲಿಂಟಲ್ ಎರಡರ ಕೆಳ ಅಂಚುಗಳು ಒಂದೇ ಮಟ್ಟದಲ್ಲಿವೆಯೇ? ಬಹುತೇಕ ಮನೆಗಳಲ್ಲಿ ನೆಲದಿಂದ 7 ಅಡಿಗೆ ಇರುತ್ತವೆ. ಹೌದಾದರೆ, ಹಳೆಯ ಫ್ರೇಮಿನಲ್ಲಿ ಆ ಎರಡು ಅಂಚುಗಳ ನಡುವೆ ಮೇಲಿನಿಂದ ಕೆಳಕ್ಕೆ ಎಷ್ಟು ಪಿಕ್ಸೆಲ್ ಅಂತರವಿದೆ ಎಂದು ತಿಳಿಸಿ.

ಗಾರೆ_ಗುಂಡು:
ನಾನು ಸಿವಿಲ್ ಕೆಲಸ ಮಾಡಿಸುವವನು, ವಿಡಿಯೊ ವಿಷಯ ನನಗೆ ತಿಳಿಯದು. ಆದರೆ ಈ ಲೆಕ್ಕದಲ್ಲಿ ಎರಡು ಕಡೆ ಎಚ್ಚರ ವಹಿಸಬೇಕು. ಮೊದಲನೆಯದು, ಕಿಟಕಿಯ 4 ಅಡಿಯನ್ನು ಎಲ್ಲಿಂದ ಎಲ್ಲಿಗೆ ಅಳೆದಿರಿ? ನವೀಕರಣದಲ್ಲಿ ಕಿಟಕಿಯ ಒಳಬದಿಗೆ ಗ್ರಾನೈಟ್ ಪಟ್ಟಿ ಕೂರಿಸಿದ್ದರೆ, ಗಾರೆಯೂ ಸೇರಿ ಒಂದೊಂದು ಬದಿಯಲ್ಲಿ ಒಂದೂವರೆ ಅಂಗುಲದಷ್ಟು ಒಳಗೆ ಬಂದಿರುತ್ತದೆ, ಆಗ ಹಳೆಯ ಚಿತ್ರದ ಕಿಟಕಿಯೂ ಈಗಿನ ಕಿಟಕಿಯೂ ಒಂದೇ ಅಗಲದವಲ್ಲ. ಎರಡನೆಯದು ನೆಲ. ಹಳೆಯ ರೆಡ್ ಆಕ್ಸೈಡ್ ನೆಲವನ್ನು ಅಗೆದು ತೆಗೆಯದೆ ಅದರ ಮೇಲೆಯೇ ಗಾರೆ ಹಾಸಿ ಟೈಲ್ಸ್ ಹಾಕುವುದು ಸಾಮಾನ್ಯ. ಹಾಗೆ ಮಾಡಿದ್ದರೆ ನೆಲ ಎರಡು ಅಂಗುಲ ಮೇಲೆ ಬಂದಿದೆ. ಹಳೆಯ ನೆಲದಿಂದ ಲೆಕ್ಕ ಹಾಕಿದ ಎತ್ತರವನ್ನು ಹೊಸ ನೆಲದಿಂದ ಅಳೆದು ಕ್ಯಾಮೆರಾ ಇಟ್ಟರೆ ಅಷ್ಟೂ ಅಂಗುಲ ಮೇಲೆ ಹೋಗುತ್ತದೆ. ಮೇಲಿನಿಂದ ಅಳೆಯೋಣವೆಂದರೆ ಫಾಲ್ಸ್ ಸೀಲಿಂಗ್ ಕೆಳಗಿಳಿದಿರುತ್ತದೆ. ಲಿಂಟಲಿನಿಂದ ಕೆಳಕ್ಕೆ ಅಳೆಯುವುದೊಂದೇ ನಂಬಬಹುದಾದ ದಾರಿ.

ತುಂಗಾತೀರ:
ಸರ್, ಕಿಟಕಿಯದು ಹಳೆಯ ಸಾಗುವಾನಿ ಚೌಕಟ್ಟು, ಅದನ್ನು ಪಾಲಿಶ್ ಮಾಡಿಸಿ ಉಳಿಸಿಕೊಂಡಿದ್ದೇವೆ. ಅಳತೆಯನ್ನೂ ಪಿಕ್ಸೆಲ್‌ಗಳನ್ನೂ ಮರದ ಹೊರ ಅಂಚಿನಿಂದಲೇ ತೆಗೆದಿದ್ದೇನೆ. ಗ್ರಾನೈಟ್ ಕೆಳಗಿನ ಪಟ್ಟಿಗೆ ಮಾತ್ರ ಇದೆ. ನೆಲದ ವಿಷಯ ನೀವು ಹೇಳಿದಂತೆಯೇ ಆಗಿದೆ, ನಡುಮನೆಯೂ ಸೇರಿ ಎಲ್ಲ ಕಡೆ ಹಳೆಯ ನೆಲದ ಮೇಲೆಯೇ ಟೈಲ್ಸ್ ಹಾಕಿಸಿದ್ದೇವೆ. ಈಗ ಲಿಂಟಲಿನ ಕೆಳ ಅಂಚು ಹೊಸ ನೆಲದಿಂದ 6 ಅಡಿ 10 ಅಂಗುಲಕ್ಕೆ ಬರುತ್ತದೆ, ಎರಡೂ ಲಿಂಟಲ್‌ಗಳು ಒಂದೇ ಮಟ್ಟದಲ್ಲಿವೆ. ಹಳೆಯ ಫ್ರೇಮಿನಲ್ಲಿ ಅವುಗಳ ನಡುವೆ 292 ಪಿಕ್ಸೆಲ್ ಇದೆ.

ಚೌಕಟ್ಟು:
ಗಾರೆ_ಗುಂಡು ಅವರ ಸೂಚನೆ ಬಹಳ ಉಪಯುಕ್ತವಾಯಿತು. ನವೀಕರಣದ ವಿಡಿಯೊಗಳಲ್ಲಿ ಎತ್ತರ ಹೊಂದದಿರುವುದಕ್ಕೆ ಹೆಚ್ಚಿನ ಸಲ ಈ ಹೊಸ ನೆಲವೇ ಕಾರಣವಾಗಿರುತ್ತದೆ, ಅದು ಕ್ಯಾಮೆರಾದ ಕಡೆಯವರಿಗೆ ಹೊಳೆಯುವುದಿಲ್ಲ.

ಕ್ಯಾಮೆರಾದ ಮಟ್ಟಕ್ಕಿಂತ ಲಿಂಟಲ್ ಒಂದು ಅಡಿ ಮೇಲಿದ್ದರೆ, ತೆರಪಿನ ಲಿಂಟಲ್ ಚಿತ್ರದಲ್ಲಿ ಆ ಮಟ್ಟಕ್ಕಿಂತ 250 ಪಿಕ್ಸೆಲ್ ಮೇಲೆಯೂ ಕಿಟಕಿಯ ಲಿಂಟಲ್ 83 ಪಿಕ್ಸೆಲ್ ಮೇಲೆಯೂ ಕಾಣಬೇಕು. ಆಗ ಅವೆರಡರ ಅಂತರ 167. ನಿಮ್ಮ ಫ್ರೇಮಿನಲ್ಲಿ 292 ಇದೆ. 292ನ್ನು 167ರಿಂದ ಭಾಗಿಸಿದರೆ ಒಂದೂಮುಕ್ಕಾಲು ಬರುತ್ತದೆ. ಆದುದರಿಂದ ಮೊಬೈಲಿನ ಲೆನ್ಸ್ ಲಿಂಟಲಿನ ಕೆಳ ಅಂಚಿಗಿಂತ 1 ಅಡಿ 9 ಅಂಗುಲ ಕೆಳಗಿತ್ತು. ಹಳೆಯ ನೆಲದಿಂದ 5 ಅಡಿ 3 ಅಂಗುಲ, ಈಗಿನ ನೆಲದಿಂದ 5 ಅಡಿ 1 ಅಂಗುಲ. ಅಗ್ಗದ ಟ್ರೈಪಾಡ್‌ಗಳು ಇಷ್ಟು ಎತ್ತರಕ್ಕೆ ಬರುವುದಿಲ್ಲ, ಬಂದರೂ ನಡುವಿನ ಕೋಲನ್ನು ಪೂರ್ತಿ ಎತ್ತಿದಾಗ ಅಲುಗಾಡುತ್ತವೆ. ಗಟ್ಟಿಯಾದ ಮೇಜಿನ ಮೇಲೆ ಚಿಕ್ಕ ಟ್ರೈಪಾಡ್ ಇಡುವುದು ವಾಸಿ.

ಉಳಿದದ್ದು ಎಡ-ಬಲ. ಅದಕ್ಕೆ ಲೆಕ್ಕವೇ ಬೇಡ. ಹಳೆಯ ಫ್ರೇಮಿನಲ್ಲಿ ಎಡಗಂಬದ ಅಂಚಿಗೂ ಕಿಟಕಿಯ ಎಡ ಅಂಚಿಗೂ ಎಷ್ಟು ಪಿಕ್ಸೆಲ್ ಅಂತರವಿದೆಯೋ ಹೊಸ ಚಿತ್ರದಲ್ಲೂ ಅಷ್ಟೇ ಬರುವವರೆಗೆ ಮೇಜನ್ನು ಪಕ್ಕಕ್ಕೆ ಸರಿಸಿ. ಇದನ್ನು ಅತ್ಯಂತ ನಿಖರವಾಗಿ ಮಾಡಬೇಕು. ನಿಮ್ಮ ಮನೆಯ ಅಳತೆಗಳಲ್ಲಿ ಒಂದು ಅಂಗುಲ ಪಕ್ಕಕ್ಕೆ ಸರಿದರೆ ಆ ಅಂತರ ಸುಮಾರು 14 ಪಿಕ್ಸೆಲ್ ಬದಲಾಗುತ್ತದೆ, ಮೇಲೆ-ಕೆಳಗೆ ಸರಿದರೂ ಅಷ್ಟೇ. ಆದರೆ ಒಂದು ಅಂಗುಲ ಹಿಂದೆ-ಮುಂದೆ ಆದರೆ ಕಿಟಕಿಯ ಅಗಲದಲ್ಲಿ ಮೂರು ಪಿಕ್ಸೆಲ್ ವ್ಯತ್ಯಾಸ ಬರಬಹುದು, ಅಷ್ಟೆ. ಜನರು ದೂರಕ್ಕೆ ಎಷ್ಟೊಂದು ತಲೆಕೆಡಿಸಿಕೊಂಡು ಪಕ್ಕದ ಸರಿತವನ್ನು ಅಂದಾಜಿಗೆ ಬಿಡುತ್ತಾರೆ, ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ.

ಈ ವಿಧಾನ ಹೊಸದೇನಲ್ಲ. ಅಮೆರಿಕದಲ್ಲಿ 1977ರಲ್ಲಿ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು ಹತ್ತೊಂಬತ್ತನೆಯ ಶತಮಾನದ ಸರ್ವೇಕ್ಷಣಾ ಛಾಯಾಚಿತ್ರಗಳನ್ನು ಅದೇ ಜಾಗಗಳಿಂದ ಮತ್ತೆ ತೆಗೆಯಲು ಹೊರಟಾಗ, ಸ್ಥಳದಲ್ಲೇ ಪೋಲರಾಯ್ಡ್ ಚಿತ್ರ ತೆಗೆದು, ಹತ್ತಿರದ ಬಂಡೆಗೂ ದೂರದ ಬೆಟ್ಟಕ್ಕೂ ನಡುವಿನ ಅಂತರವನ್ನು ಹಳೆಯ ಚಿತ್ರದೊಂದಿಗೆ ಹೋಲಿಸಿ ಕ್ಯಾಮೆರಾ ಸರಿಸುತ್ತಿದ್ದರು. ಬಂಡೆಯ ಬದಲು ನಿಮ್ಮಲ್ಲಿ ಕಂಬವಿದೆ.

ಕತ್ತರಿ_ಪ್ರಯೋಗ:
ಲೆನ್ಸಿನ ವಿಷಯದಲ್ಲಿ ಒಪ್ಪುತ್ತೇನೆ, ಮನೆಯಲ್ಲೇ ತೆಗೆದು ನೋಡಿದೆ. ಆದರೆ ಅದೇ ಮೊಬೈಲ್ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಮೊಬೈಲ್‌ಗಳು ಫೋಟೊ ಮೋಡಿನಲ್ಲಿ ತೋರಿಸುವಷ್ಟು ಅಗಲವನ್ನು ವಿಡಿಯೊ ಮೋಡಿನಲ್ಲಿ ತೋರಿಸುವುದಿಲ್ಲ, ಅಲುಗಾಟ ತಡೆಯಲು ಸುತ್ತಲಿನ ಅಂಚನ್ನು ಕತ್ತರಿಸುತ್ತವೆ. ಆದುದರಿಂದ ಫೋಟೊ ಮೋಡಿನಲ್ಲಿ ಕೋನ ನೋಡಿಕೊಂಡು ವಿಡಿಯೊಗೆ ಬದಲಾಯಿಸಬೇಡಿ. ಬೆಳಕು ಕಡಿಮೆಯಾದಾಗ ಅಥವಾ ಹತ್ತಿರ ಹೋದಾಗ ಕೆಲವು ಮೊಬೈಲ್‌ಗಳು ತಾವಾಗಿಯೇ ಬೇರೆ ಲೆನ್ಸಿಗೆ ಹಾರುತ್ತವೆ. ಐಫೋನ್ ಆದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ರೆಕಾರ್ಡಿಂಗ್ ಭಾಗದಲ್ಲಿ Lock Camera ಎಂಬುದನ್ನು ಆನ್ ಮಾಡಿಕೊಳ್ಳಿ. ಆಂಡ್ರಾಯ್ಡ್ ಆದರೆ Open Camera ಎಂಬ ಉಚಿತ ಆ್ಯಪ್‌ನಲ್ಲಿ Ghost image ಎಂಬ ಆಯ್ಕೆಯಿದೆ, ಹಳೆಯ ಫ್ರೇಮನ್ನು ಆರಿಸಿದರೆ ಅದು ತೆರೆಯ ಮೇಲೆ ಮಸುಕಾಗಿ ಕಾಣುತ್ತಿರುತ್ತದೆ, ಅದರ ಮೇಲೆಯೇ ಹೊಂದಿಸಿಕೊಳ್ಳಬಹುದು.

ಚೌಕಟ್ಟು:
ಇವೆಲ್ಲವೂ ಸರಿಯಾದ ಮಾತು. ಆ ಮಸುಕು ಚಿತ್ರವನ್ನು ಬಳಸುವಾಗ ಒಂದು ಕ್ರಮವಿರಲಿ. ಮೊದಲು ಕಂಬ ಮತ್ತು ಕಿಟಕಿಯ ಪರಸ್ಪರ ಅಂತರವನ್ನು ನೋಡಿ ಕ್ಯಾಮೆರಾದ ಜಾಗವನ್ನು ಸರಿಪಡಿಸಿ, ಆಮೇಲೆ ಮಾತ್ರ ಕ್ಯಾಮೆರಾವನ್ನು ತಿರುಗಿಸಿ ಇಡೀ ಚಿತ್ರವನ್ನು ಕೂಡಿಸಿ. ತಿರುಗಿಸುವುದನ್ನೂ ಸರಿಸುವುದನ್ನೂ ಒಟ್ಟಿಗೆ ಮಾಡಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತಾ ಹೋಗುತ್ತದೆ, ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ.

ತುಂಗಾತೀರ:
ನೀವೆಲ್ಲರೂ ಹೇಳಿದಂತೆ ಮಾಡಿದೆ. ಗಾರೆ ಕೆಲಸದವರು ಬಿಟ್ಟು ಹೋಗಿದ್ದ ತೂಗುಗುಂಡನ್ನು ಲೆನ್ಸಿನ ಕೆಳಗೆ ಇಳಿಬಿಟ್ಟು ತೆರಪಿನಿಂದ 6 ಅಡಿಯನ್ನು ನೆಲದ ಮೇಲೆ ಗುರುತಿಸಿಕೊಂಡೆ, ಎತ್ತರವನ್ನು ಲಿಂಟಲಿನಿಂದಲೇ ಅಳೆದೆ, ಪಕ್ಕದ ಅಂತರವನ್ನು ಮಸುಕು ಚಿತ್ರದ ಸಹಾಯದಿಂದ ಹೊಂದಿಸಿದೆ. ಕಂಬಗಳೂ ಕಿಟಕಿಯೂ ಒಂದೇ ಸಲಕ್ಕೆ ಕೂಡಿದವು. ಹಳೆಯದರ ಮೇಲೆ ಹೊಸದನ್ನಿಟ್ಟು DaVinci Resolve ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ, ಎರಡೂ ಒಂದೇ ಆಗಿರುವ ಕಡೆ ಕಪ್ಪಾಗಿ ಕಾಣುವಂತೆ Composite Mode ಅನ್ನು Difference ಮಾಡಿದಾಗ ಕಿಟಕಿಯ ಚೌಕಟ್ಟಿನ ಅಂಚುಗಳು ಬಹುಮಟ್ಟಿಗೆ ಕಪ್ಪಾಗಿಯೇ ಉಳಿದವು. ಬಲಗಂಬದ ಮೇಲ್ಭಾಗದಲ್ಲಿ ಮಾತ್ರ ತೆಳುವಾದ ಬಿಳಿ ಗೆರೆ ಕಾಣುತ್ತದೆ, ಕೆಳಗೆ ಬಂದಂತೆ ಅದು ಮಾಯವಾಗುತ್ತದೆ.

ಈಗ ಇನ್ನೊಂದು ಪ್ರಶ್ನೆ. ನಾನು ಹೊಂದಿಸಿರುವುದು ಒಂದು ಫ್ರೇಮಿಗೆ. ಹಳೆಯ ವಿಡಿಯೊದಲ್ಲಿ ತಮ್ಮನ ಕೈ ನಿರಂತರವಾಗಿ ಅಲುಗಾಡುತ್ತದೆ, ಕೊನೆಯಲ್ಲಿ ಅವನು ನಡೆದು ಒಳಗೂ ಹೋಗುತ್ತಾನೆ. ಗೆರೆ ಸರಿಯುವ ಎರಡು ಕ್ಷಣಗಳಲ್ಲೇ ಹಳೆಯ ಭಾಗ ಅತ್ತಿತ್ತ ತೇಲುತ್ತದೆ.

ಗಾರೆ_ಗುಂಡು:
ಬಲಗಂಬದ ಮೇಲಿನ ಗೆರೆಗೆ ಕ್ಯಾಮೆರಾವನ್ನು ದೂರುವ ಮೊದಲು ಆ ಕಂಬಕ್ಕೆ ತೂಗುಗುಂಡು ಹಿಡಿದು ನೋಡಿ. ಉಗ್ರಾಣದ ಗೋಡೆ ಅದಕ್ಕೇ ಅಂಟಿಕೊಂಡಿತ್ತಲ್ಲವೇ? ಗೋಡೆ ಒಡೆದ ಮೇಲೆ ಗಿಲಾವು ಮಾಡುವಾಗ ಓರೆಯಿದ್ದ ಕಂಬವನ್ನು ಮೇಸ್ತ್ರಿಗಳು ನೇರ ಮಾಡಿರುತ್ತಾರೆ, ಮೇಲೆ ಅರ್ಧ ಅಂಗುಲ ಹೆಚ್ಚು ಗಾರೆ ಕೂತಿರಬಹುದು.

ಚೌಕಟ್ಟು:
ಇದನ್ನು ಎಡಗಂಬದಿಂದ ಪರೀಕ್ಷಿಸಬಹುದು. ಕ್ಯಾಮೆರಾ ಓರೆಯಾಗಿದ್ದರೆ ಎಡಗಂಬದಲ್ಲಿಯೂ ಅಂತಹದೇ ಗೆರೆ ಕಾಣಬೇಕು. ಅಲ್ಲಿ ಇಲ್ಲವಾದರೆ ಬದಲಾಗಿರುವುದು ಕಂಬವೇ, ಅದನ್ನು ಹಾಗೆಯೇ ಬಿಡಿ.

ಅಲುಗಾಟದ ವಿಷಯಕ್ಕೆ ಬಂದರೆ, ಕೈಯಲ್ಲಿ ಹಿಡಿದ ವಿಡಿಯೊದ ಇಡೀ ಚಲನೆಯನ್ನು ಮತ್ತೆ ಅದೇ ರೀತಿ ಮಾಡಲು ಸ್ಟುಡಿಯೊಗಳಲ್ಲಿ ಯಂತ್ರ ಬೇಕಾಗುತ್ತದೆ, ಮನೆಯಲ್ಲಿ ಸಾಧ್ಯವಿಲ್ಲ. ನನ್ನ ಪ್ರಕಾರ ಹಳೆಯ ವಿಡಿಯೊವನ್ನು ಆ ಆಯ್ದ ಫ್ರೇಮಿನವರೆಗೆ ಸಹಜವಾಗಿ ಓಡಿಸಿ, ಅಲ್ಲಿ ನಿಲ್ಲಿಸಿ, ಆ ನಿಂತ ಚಿತ್ರದ ಮೇಲೆ ಗೆರೆ ಸರಿಸಬೇಕು. ಗೆರೆ ದಾಟಿದ ಮೇಲೆ ಹೊಸ ವಿಡಿಯೊದಲ್ಲಿ ಕ್ಯಾಮೆರಾ ಬೇಕಾದಂತೆ ಚಲಿಸಲಿ. ಎರಡು ಕ್ಷಣ ಚಿತ್ರ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ.

ಕತ್ತರಿ_ಪ್ರಯೋಗ:
ನನಗೆ ಹಾಗೆ ಅನ್ನಿಸುವುದಿಲ್ಲ. ಹಳೆಯ ಚಿತ್ರದಲ್ಲಿ ಒಲೆಯ ಉರಿಯೋ ತಿರುಗುವ ಫ್ಯಾನೋ ಇದ್ದರೆ ನಿಂತದ್ದು ಎದ್ದು ಕಾಣುತ್ತದೆ. ಆ ಎರಡು ಕ್ಷಣಗಳಿಗೆ ಮಾತ್ರ ಎಡಿಟಿಂಗ್‌ನಲ್ಲಿ ಕಿಟಕಿಯ ಒಂದು ಮೂಲೆಯನ್ನು ಟ್ರ್ಯಾಕ್ ಮಾಡಿ ಹಳೆಯ ವಿಡಿಯೊವನ್ನು ಸ್ಥಿರಗೊಳಿಸುವುದು ಉತ್ತಮ.

ಚೌಕಟ್ಟು:
ಕಿಟಕಿ ಸ್ಥಿರವಾಗುತ್ತದೆ, ಕಂಬಗಳು ಆಗುವುದಿಲ್ಲ. ಕೈ ಅಲುಗಾಡುವಾಗ ಮೊಬೈಲ್ ತಿರುಗುವುದಷ್ಟೇ ಅಲ್ಲ, ಅಂಗುಲದಷ್ಟು ಪಕ್ಕಕ್ಕೂ ಸರಿಯುತ್ತದೆ, ಮೇಲೆ ಹೇಳಿದ 14 ಪಿಕ್ಸೆಲ್ ಅಲ್ಲಿ ಮತ್ತೆ ಬರುತ್ತದೆ.

ಕತ್ತರಿ_ಪ್ರಯೋಗ:
ಅದು ಎರಡು ಕ್ಷಣಗಳಲ್ಲಿ ಎಷ್ಟು ಸರಿಯುತ್ತದೆ ಎಂಬುದರ ಮೇಲೆ ಹೋಗುತ್ತದೆ. ಗೆರೆಯನ್ನು ಅರ್ಧ ಕ್ಷಣಕ್ಕೆ ಇಳಿಸಿದರೆ ಆ ತೊಂದರೆಯೂ ಇರುವುದಿಲ್ಲ.

ಬೆವರಹನಿ:
ಪಾದಗಳಿಗೆ ಟೇಪ್ ಹಾಕಿರಲಿಲ್ಲ. ಈಗ ಹಾಕಿ ಒಂಬತ್ತು ಅಡಿಗೆ ಕ್ಯಾಮೆರಾ ಇಟ್ಟಿದ್ದೇನೆ, ಆದರೆ ಹಳೆಯ ವಿಡಿಯೊ ಹತ್ತಿರದಿಂದ ತೆಗೆದದ್ದಾದ್ದರಿಂದ ಅದಕ್ಕೆ ಇದು ಹೊಂದುವುದಿಲ್ಲವಲ್ಲ?

ಚೌಕಟ್ಟು:
ಹೊಂದುವುದಿಲ್ಲ. ಹಳೆಯದರ ಜೊತೆ ಜೋಡಿಸುವ ವಿಡಿಯೊವನ್ನು ಹಳೆಯ ದೂರದಿಂದಲೇ ತೆಗೆಯಬೇಕು, ಒಂಬತ್ತು ಅಡಿ ಮುಂದಿನ ತಿಂಗಳುಗಳ ಹೋಲಿಕೆಗೆ. ಹಳೆಯ ದೂರ ತಿಳಿಯಲು ಹಿಂದಿನ ಬಾಗಿಲ ಚೌಕಟ್ಟಿನ ಅಗಲ ಅಳೆಯಿರಿ, ಮುಂದೆ ನಿಮ್ಮ ಬದಲು ಆ ವಿಡಿಯೊದಲ್ಲಿ ಕಾಣುವ ಕುರ್ಚಿಯೋ ಸ್ಟೂಲೋ ಇದ್ದರೆ ಅದರ ಅಗಲವನ್ನೂ ಅಳೆಯಿರಿ, ಅದು ಅಂದು ಇದ್ದ ಜಾಗ ನೆಲದ ಟೈಲ್ಸಿನ ಗೆರೆಗಳಿಂದ ಗೊತ್ತಾಗುವಂತಿದ್ದರೆ ಮೇಲಿನ ಲೆಕ್ಕವೇ ಸಾಕು.

ತುಂಗಾತೀರ:
ಎಡಗಂಬದಲ್ಲಿ ಗೆರೆಯಿಲ್ಲ. ತೂಗುಗುಂಡು ಹಿಡಿದು ನೋಡಿದೆ, ಬಲಗಂಬ ಈಗ ನೇರವಾಗಿದೆ. ಹಳೆಯ ಫ್ರೇಮಿನಲ್ಲಿಯೇ ಅದು ಮೇಲ್ಗಡೆ ಹೊರಕ್ಕೆ ವಾಲಿದೆ. ಗೆರೆ ಸರಿಯುವ ಭಾಗವನ್ನು ಎರಡೂ ರೀತಿ ಮಾಡಿ ತಮ್ಮನಿಗೆ ಕಳುಹಿಸಿದ್ದೇನೆ, ಹಳೆಯ ಚಿತ್ರದಲ್ಲಿ ಕುಕ್ಕರಿನ ಹಬೆ ಇರುವುದರಿಂದ ನಿಲ್ಲಿಸಿದ್ದು ಅವನಿಗೆ ತಿಳಿಯಿತಂತೆ, ಅಮ್ಮನಿಗೆ ತಿಳಿಯಲಿಲ್ಲವಂತೆ.